ಗಿಲ್ಟ್ ಮಾರಿದ ದುಡ್ಡಿನ ಬೆನ್ನು ಹತ್ತಿ

2009ರಲ್ಲಿ ನಾನು ಲಂಡನ್ನಿನ ಒಂದು ಪಿಂಚಣಿ ನಿಧಿಯಲ್ಲಿ ಬಾಂಡ್ ನೋಡಿಕೊಳ್ಳುತ್ತಿದ್ದೆ. ಮಾರ್ಚ್ 5ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿದರವನ್ನು 0.5 ಪರ್ಸೆಂಟಿಗೆ ಇಳಿಸಿತು. ಜೊತೆಗೆ, ಹೊಸದಾಗಿ ಹಣ ಸೃಷ್ಟಿಸಿ 7,500 ಕೋಟಿ ಪೌಂಡಿನಷ್ಟು ಬಾಂಡ್ ಕೊಳ್ಳುತ್ತೇವೆ ಎಂದಿತು. ಮುಖ್ಯವಾಗಿ ಗಿಲ್ಟ್, ಅಂದರೆ ಬ್ರಿಟನ್ ಸರ್ಕಾರದ ಸಾಲಪತ್ರ. ಅದರಲ್ಲೂ 5ರಿಂದ 25 ವರ್ಷದ ಅವಧಿಯವು ಮಾತ್ರ.

ಒಂದು ಗಿಲ್ಟನ್ನೂ ಕೊಳ್ಳುವ ಮೊದಲೇ, ಒಂದೆರಡು ದಿನದಲ್ಲಿ, 10 ವರ್ಷದ ಗಿಲ್ಟಿನ ಯೀಲ್ಡ್, ಅಂದರೆ ಇವತ್ತಿನ ಬೆಲೆಗೆ ಕೊಂಡವರಿಗೆ ವರ್ಷಕ್ಕೆ ಸಿಗುವ ಆದಾಯದ ದರ, ಸುಮಾರು ಅರ್ಧ ಪರ್ಸೆಂಟ್ ಇಳಿಯಿತು. ಕೇಳೋಕೆ ಚಿಕ್ಕದು, ಲೆಕ್ಕ ಹಾಕಿದರೆ ಅಲ್ಲ. ವರ್ಷಕ್ಕೆ 4 ಪೌಂಡ್ ಬಡ್ಡಿ ಕೊಡುವ 20 ವರ್ಷದ ಬಾಂಡ್ 100 ಪೌಂಡಿಗಿದೆ ಅಂದುಕೊಳ್ಳಿ. ಜನ 3.5 ಪರ್ಸೆಂಟಿಗೇ ಒಪ್ಪಿಕೊಂಡರೆ ಅದೇ ಕಾಗದಕ್ಕೆ 107 ಪೌಂಡ್ ಬೆಲೆ. ನಾವು ಸುಮ್ನೆ ಕೂತಿದ್ದರೂ ಲಾಭ.

ಮಾರ್ಚ್ 11ರಂದು ಮೊದಲ ಹರಾಜು ನಡೆಯಿತು, ತಲೆಕೆಳಗಾದ ಹರಾಜು. ಕೊಳ್ಳುವವರು ಒಬ್ಬರೇ, ಮಾರುವವರು ಹತ್ತಾರು ಜನ. ಮಾರುಕಟ್ಟೆಯ ದರಕ್ಕೆ ಹೋಲಿಸಿದರೆ ಯಾರದು ಅಗ್ಗವೋ ಅದನ್ನು ಬ್ಯಾಂಕ್ ಮೊದಲು ಆರಿಸಿತು. ಆ ದಿನ ಅದು ಕೊಂಡದ್ದು 200 ಕೋಟಿ ಪೌಂಡಿನಷ್ಟು. ನಾವು ಡೀಲರ್ ಮೂಲಕ 1 ಕೋಟಿ ಪೌಂಡಿನ ಗಿಲ್ಟ್ ಕೊಟ್ಟೆವು. ನಮ್ಮ ಬ್ಯಾಂಕ್ ಖಾತೆಗೆ 1 ಕೋಟಿ ಬಂತು, ಆ ನಮ್ಮ ಬ್ಯಾಂಕಿಗೆ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿರುವ ಖಾತೆಯಲ್ಲೂ ಅಷ್ಟೇ ಏರಿತು. ಅಚ್ಚುಕೂಟದಲ್ಲಿ ನೋಟು ಹೊಡೆದು ಹಂಚಿದರಾ ಅಂತ ಊರಿಂದ ನಮ್ಮಣ್ಣ ಫೋನಿನಲ್ಲಿ ಕೇಳಿದ್ದ. ಹಾಗೇನಿಲ್ಲ, ಎರಡು ಖಾತೆಗಳಲ್ಲಿ ಅಂಕಿ ಬದಲಾದವು, ಅಷ್ಟೆ.

ಆದರೆ ಪಿಂಚಣಿ ನಿಧಿ ಅಷ್ಟು ದುಡ್ಡನ್ನು ಖಾತೆಯಲ್ಲಿಟ್ಟು ಕೂರೋಕಾಗಲ್ಲ. ಅಲ್ಲಿ ಬಡ್ಡಿಯೇ ಇಲ್ಲ. ನಾನು ದೊಡ್ಡ ಕಂಪನಿಗಳ ಬಾಂಡ್ ಕೊಂಡೆ. ಆ ಹೊತ್ತಿನಲ್ಲಿ ಎಲ್ಲರಿಗೂ ಅವುಗಳ ಮೇಲೆ ಭಯ, ಹಾಗಾಗಿ ಗಿಲ್ಟಿಗಿಂತ ಯೀಲ್ಡ್ ತುಂಬಾ ಜಾಸ್ತಿಯಿತ್ತು. ನನಗೆ ಮಾರಿದವನ ಕೈಗೂ ಅದೇ ಬಿಸಿ ದುಡ್ಡು ಹೋಯಿತಲ್ವಾ? ಅವನು ಇನ್ನೊಂದು ಮೆಟ್ಟಿಲು ಇಳಿದು ಷೇರು ಕೊಳ್ಳುತ್ತಾನೆ. ಹೀಗೆ ದುಡ್ಡು ಮಾಯವಾಗುವುದಿಲ್ಲ, ಕೈ ಬದಲಾಗುತ್ತಾ ಹೋಗುತ್ತದೆ. ಪ್ರತಿಯೊಬ್ಬರೂ ಅದನ್ನು ಬೇರೆಯವರಿಗೆ ದಾಟಿಸಲು ನೋಡಿದಾಗ ಬೆಲೆ ಏರುತ್ತದೆ. ಮಾರ್ಚ್ ಮೊದಲ ವಾರ 3,500ರ ಆಸುಪಾಸಿಗೆ ಬಿದ್ದಿದ್ದ ಲಂಡನ್ನಿನ ಷೇರು ಸೂಚ್ಯಂಕ ಎಫ್‌ಟಿಎಸ್‌ಇ 100, ಆ ವರ್ಷದ ಕೊನೆಗೆ 5,400 ದಾಟಿತು. ಅದಷ್ಟೂ ಬ್ಯಾಂಕಿನ ಕೈವಾಡ ಅಂತ ನಾನು ಹೇಳಲ್ಲ. ಜಗತ್ತಿನೆಲ್ಲೆಡೆ ಭಯವೂ ಇಳಿಯುತ್ತಿತ್ತು.

ಕಟ್ಟಡಗಳಿಗೆ ಈ ಬಿಸಿ ತಟ್ಟೋಕೆ ಕೆಲವು ತಿಂಗಳು ಬೇಕಾಯಿತು. ಅದರ ಲೆಕ್ಕವೂ ಬಾಂಡಿನದೇ. ವರ್ಷಕ್ಕೆ 6 ಲಕ್ಷ ಪೌಂಡ್ ಬಾಡಿಗೆ ಬರುವ ಆಫೀಸ್ ಕಟ್ಟಡದಿಂದ ಜನ 8 ಪರ್ಸೆಂಟ್ ಬಯಸಿದರೆ ಬೆಲೆ 75 ಲಕ್ಷ. ಗಿಲ್ಟಿನಲ್ಲಿ ಏನೂ ಸಿಗದೆ 7ಕ್ಕೆ ಒಪ್ಪಿದರೆ ಸುಮಾರು 86 ಲಕ್ಷ. ಬಾಡಿಗೆ ಒಂದು ಪೌಂಡೂ ಏರಿಲ್ಲ ನೋಡಿ. ಕಂಪನಿಗಳೇನೋ ಅಗ್ಗದ ಬಾಂಡ್ ಮಾರಿ ದುಡ್ಡೆತ್ತಿದವು, ಆದರೆ ಅದರಲ್ಲಿ ದೊಡ್ಡ ಪಾಲು ಹೊಸ ಕಾರ್ಖಾನೆಗೆ ಹೋಗಲಿಲ್ಲ, ಹಳೆಯ ಬ್ಯಾಂಕ್ ಸಾಲ ತೀರಿಸೋಕೆ ಹೋಯಿತು.

ನಾನು ಎಡವಿದ್ದು ಬೇರೆ ಕಡೆ. ಆಸ್ತಿಯ ಬೆಲೆ ಏರಿದ್ದನ್ನು ನೋಡಿ ಖುಷಿಪಟ್ಟೆ, ಕೊಡಬೇಕಾದದ್ದನ್ನು ಮರೆತೆ. ಮುಂದೆ ಕೊಡಬೇಕಾದ ಪಿಂಚಣಿಯ ಇಂದಿನ ಮೌಲ್ಯವನ್ನೂ ಅದೇ ಯೀಲ್ಡ್‌ನಿಂದ ಲೆಕ್ಕ ಹಾಕುತ್ತಾರೆ. ನಮ್ಮ ಬಾಕಿ 100, ಆಸ್ತಿ 80 ಎನ್ನಿ. ಬಾಕಿಯ ಅವಧಿ ಉದ್ದ. ಯೀಲ್ಡ್ ಅರ್ಧ ಪರ್ಸೆಂಟ್ ಇಳಿದರೆ ಬಾಕಿ 110 ಆಗುತ್ತದೆ, ಆಸ್ತಿ 85 ಮಾತ್ರ. ಕೊರತೆ 20 ಇದ್ದದ್ದು 25. ಟ್ರಸ್ಟಿಗಳ ಸಭೆಯಲ್ಲಿ ಒಬ್ಬ ಹಿರಿಯರು, "ಬೆಲೆ ಏರಿದೆ ಅಂತೀರಿ, ಕೊರತೆಯೂ ಏರಿದೆ ಅಂತೀರಿ, ಯಾವುದು ನಿಜ?" ಎಂದು ಕೇಳಿದರು. ಎರಡೂ ನಿಜವಾಗಿತ್ತು.

ಆಮೇಲಿಂದ ದೀರ್ಘಾವಧಿಯ ಗಿಲ್ಟ್ ಮಾರುವುದನ್ನು ನಿಲ್ಲಿಸಿದೆ. ಬಾಕಿಗೆ ಹೊಂದುವ ಕಾಗದ ಅದೊಂದೇ. ಹಾಗೆ ಯೋಚಿಸಿದ್ದು ನಾನೊಬ್ಬನೇ ಅಲ್ಲ. 2016ರ ಆಗಸ್ಟಿನಲ್ಲಿ, ಬ್ರೆಕ್ಸಿಟ್ ಮತದಾನದ ನಂತರ, ಬ್ಯಾಂಕ್ ಮತ್ತೆ ಕೊಳ್ಳಲು ಶುರು ಮಾಡಿತು. 9ನೇ ತಾರೀಖು 15 ವರ್ಷ ಮೀರಿದ ಗಿಲ್ಟುಗಳನ್ನು 117 ಕೋಟಿ ಪೌಂಡಿಗೆ ಕೇಳಿತು. ಸಿಕ್ಕಿದ್ದು ಅದಕ್ಕಿಂತ 5.2 ಕೋಟಿ ಕಮ್ಮಿ. ಹಣ ಸೃಷ್ಟಿಸುವವರ ಮುಂದೆಯೇ ಮಾರುವವರು ಸಾಲಲಿಲ್ಲ. ಯೀಲ್ಡ್ ಇನ್ನಷ್ಟು ಕುಸಿಯಿತು. ಅವತ್ತು ಡೀಲರ್ ನನಗೆ ಮೂರು ಸಲ ಫೋನ್ ಮಾಡಿದ್ದ. ಮೂರು ಸಲವೂ ಇಲ್ಲ ಅಂದಿದ್ದೆ.