ಕಾದಂಬರಿ ಶುರು ಮಾಡೋ ಮುಂಚೆ: ಎಪಿಗ್ರಾಫ್, ಅರ್ಪಣೆ, ಕೃತಜ್ಞತೆ ಓದೋದು ಹೇಗೆ?

ಹೊಸ ಕಾದಂಬರಿ ಕೈಗೆ ಸಿಕ್ಕಿದ ತಕ್ಷಣ ನಮ್ಮಲ್ಲಿ ತುಂಬಾ ಜನ ಸೀದಾ ಒಂದನೇ ಅಧ್ಯಾಯಕ್ಕೆ ಹೋಗ್ಬಿಡ್ತೀವಿ. ಮುಂಚಿನ ಪುಟದಲ್ಲಿ ಯಾರಿಗೋ ಬರೆದಿರೋ ಅರ್ಪಣೆ, ಬೇರೆ ಯಾರದೋ ಪುಸ್ತಕದಿಂದ ತಂದಿಟ್ಟ ನಾಲ್ಕು ಸಾಲಿನ ಎಪಿಗ್ರಾಫ್, ಎಲ್ಲ ಹಾಗೇ ಉಳಿದುಹೋಗತ್ತೆ. ಇವುಗಳಲ್ಲಿ ಏನನ್ನ ನೋಡ್ಬೇಕು, ಎಲ್ಲಿ ನಿಲ್ಲಿಸ್ಬೇಕು ಅನ್ನೋದನ್ನ ಮುಖ್ಯವಾಗಿ ಒಂದೇ ಕಾದಂಬರಿ ಇಟ್ಕೊಂಡು ನೋಡೋಣ: ಮೇರಿ ಶೆಲ್ಲಿ ಬರೆದ ‘ಫ್ರಾಂಕನ್‌ಸ್ಟೈನ್’, 1818ರ ಮೊದಲ ಮುದ್ರಣ.

ಮೊದಲು ಪುಟ ಹುಡುಕಿ

ಇ-ಬುಕ್ ಓದೋರಿಗೆ ಇದು ಮುಖ್ಯ. ಎಷ್ಟೋ ಇ-ಬುಕ್ ತೆರೆದ ಕೂಡ್ಲೇ ನೇರ ಒಂದನೇ ಅಧ್ಯಾಯಕ್ಕೇ ಕರ್ಕೊಂಡು ಹೋಗತ್ತೆ, ಹಿಂದಕ್ಕೆ ಸರಿಸ್ಕೊಂಡು ಹೋದ್ರೆ ಮಾತ್ರ ಈ ಪುಟಗಳು ಸಿಗೋದು. ಹಾಗೇ ಕಾಪಿರೈಟ್ ಪುಟದ ಮೇಲೂ ಒಂದ್ಸಲ ಕಣ್ಣಾಡಿಸಿ, ಯಾವ ವರ್ಷದ ಮುದ್ರಣ, ಎಪಿಗ್ರಾಫ್ ಸಾಲುಗಳಿಗೆ ಯಾರ ಅನುಮತಿ ತಗೊಂಡಿದಾರೆ ಅನ್ನೋದು ಕೆಲವು ಸಲ ಅಲ್ಲೇ ಇರತ್ತೆ.

ಎಪಿಗ್ರಾಫ್: ಯಾರು, ಯಾರಿಗೆ, ಯಾವಾಗ ಹೇಳಿದ್ದು?

ನಾವು ಸಾಮಾನ್ಯವಾಗಿ ಸಾಲು ಓದಿ, ಕೆಳಗಿರೋ ದೊಡ್ಡ ಹೆಸರು ನೋಡಿ, ಓ ಚೆನ್ನಾಗಿದೆ ಅಂದ್ಕೊಂಡು ಮುಂದೆ ಹೋಗ್ತೀವಿ. ಆದ್ರೆ ಆ ಹೆಸರು ಬರೆದವರದ್ದು ಅಷ್ಟೇ, ಆ ಮಾತನ್ನ ಆಡಿದವರು ಬೇರೆ ಇರಬಹುದು. ಮೂಲ ಒಂದು ಕಾವ್ಯವೋ ನಾಟಕವೋ ಆಗಿದ್ರೆ ಅಲ್ಲಿ ಮಾತಾಡ್ತಿರೋ ಪಾತ್ರ ಯಾವುದು, ಎದುರಿಗೆ ಯಾರಿದಾರೆ, ಆ ಹೊತ್ತಲ್ಲಿ ಏನಾಗಿದೆ ಅಂತ ಹುಡುಕಿ. ಸಾಲನ್ನ ಹಾಗೇ ಸರ್ಚ್ ಮಾಡಿದ್ರೆ ಸಾಮಾನ್ಯವಾಗಿ ಸಿಕ್ಕಿಬಿಡತ್ತೆ, ಅದರ ಹಿಂದಿನ ಮುಂದಿನ ಸಾಲುಗಳನ್ನೂ ಓದಿ.

ಫ್ರಾಂಕನ್‌ಸ್ಟೈನ್ ಎಪಿಗ್ರಾಫ್ ಕೆಳಗೆ ಇರೋದು ‘ಪ್ಯಾರಡೈಸ್ ಲಾಸ್ಟ್’ ಅಂತ, ಅಂದ್ರೆ ಮಿಲ್ಟನ್ನನ ಕಾವ್ಯ. ಸಾಲುಗಳ ಅರ್ಥ ಹೆಚ್ಚುಕಮ್ಮಿ ಹೀಗೆ: ಸೃಷ್ಟಿಕರ್ತನೇ, ಮಣ್ಣಿಂದ ನನ್ನನ್ನ ಮನುಷ್ಯನಾಗಿ ಮಾಡು ಅಂತ ನಾನು ನಿನ್ನ ಕೇಳಿದ್ನಾ? ಕತ್ತಲಿಂದ ಮೇಲೆತ್ತು ಅಂತ ಬೇಡ್ಕೊಂಡಿದ್ನಾ? ಬರೀ ಇಷ್ಟೇ ಓದಿದ್ರೆ ದೇವರ ಮೇಲಿನ ಒಂದು ದೂರು ಅನ್ಸತ್ತೆ. ಮೂಲಕ್ಕೆ ಹೋದ್ರೆ ಇದು ಹತ್ತನೇ ಭಾಗ, ಮಾತಾಡ್ತಿರೋನು ಆದಾಮ, ಅಂದ್ರೆ ಬೈಬಲ್ ಪ್ರಕಾರ ದೇವರು ಸೃಷ್ಟಿಸಿದ ಮೊದಲ ಮನುಷ್ಯ, ದೇವರ ನಿಷೇಧ ಮುರಿದು ಆಗಿದೆ, ಇನ್ನು ಮುಂದೆ ಸಾವು ತನ್ನ ಸಂತತಿಗೆಲ್ಲ ಅಂಟ್ಕೊಳ್ಳತ್ತೆ ಅಂತ ಗೊತ್ತಾಗಿ ಒಬ್ಬನೇ ಗೋಳಾಡ್ತಿದಾನೆ. ಅಂದ್ರೆ ಇದು ಸೃಷ್ಟಿಯಾದವನು ಸೃಷ್ಟಿಸಿದವನಿಗೆ ಕೇಳೋ ಪ್ರಶ್ನೆ, ಅದೂ ತಾನೂ ತಪ್ಪು ಮಾಡಿದ ಮೇಲೆ.

ಈಗ ಇದನ್ನ ಇಟ್ಕೊಂಡು ಕಾದಂಬರಿಗೆ ಬನ್ನಿ. ಶುರುವಾಗೋದು ವಾಲ್ಟನ್ ಅನ್ನೋ ಸಮುದ್ರಯಾನಿ ತಂಗಿಗೋ ಅಕ್ಕನಿಗೋ ಅನ್ನಿ, ಒಟ್ಟು ಒಡಹುಟ್ಟಿದವಳಿಗೆ ಬರೆದ ಪತ್ರಗಳಿಂದ. ಆಮೇಲೆ ವಿಕ್ಟರ್ ಫ್ರಾಂಕನ್‌ಸ್ಟೈನ್ ತನ್ನ ಕಥೆ ಹೇಳೋಕೆ ಶುರು ಮಾಡ್ತಾನೆ, ಅವನು ಸೃಷ್ಟಿಸಿದ ಜೀವಿ ತನ್ನ ಪಾಡನ್ನ ಹೇಳ್ಕೊಳ್ಳೋದು ಮೂರು ಸಂಪುಟದಲ್ಲಿ ಎರಡನೇದಕ್ಕೆ ಬಂದ ಮೇಲೇನೇ. ಅಲ್ಲಿವರೆಗೂ ನಾವು ಕೇಳೋದು ಮಾಡಿದವನ ಕಡೆಯ ಕಥೆ ಮಾತ್ರ. ಎಪಿಗ್ರಾಫ್ ಸರಿಯಾಗಿ ಓದಿದವರಿಗೆ ಮಾತ್ರ ಇನ್ನೊಂದು ಕಡೆಯ ಪ್ರಶ್ನೆ ಮೊದಲೇ ಕಿವಿಗೆ ಬಿದ್ದಿರತ್ತೆ, ಹಾಗಾಗಿ ವಿಕ್ಟರ್ ತನ್ನ ಕಷ್ಟ ಹೇಳ್ಕೊಳ್ತಾ ಹೋದ ಹಾಗೆ ‘ಸರಿ, ಆದ್ರೆ ಅದರ ಗತಿ ಏನು?’ ಅಂತ ಕೇಳ್ಕೊಂಡೇ ಓದ್ತಾರೆ. ಇಡೀ ಪುಸ್ತಕದಲ್ಲಿ ಆ ಜೀವಿಯ ಪರವಾಗಿ ಬರೋ ಮೊದಲ ಮಾತು ಈ ಎಪಿಗ್ರಾಫ್, ನನಗಂತೂ ಅದನ್ನ ಬಿಟ್ಟು ಆ ಕಾದಂಬರಿ ಓದೋದು ಅರ್ಧ ಓದಿದ ಹಾಗೆ ಅನ್ಸತ್ತೆ.

ಮೂಲ ಹುಡುಕುವಾಗ ಕೆಲವು ಸಲ ಹೆಸರೇ ಕಲ್ಪಿತ ಅಂತ ಗೊತ್ತಾಗತ್ತೆ. ಫಿಟ್ಜ್‌ಜೆರಾಲ್ಡ್ 1925ರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಗೆ ಥಾಮಸ್ ಪಾರ್ಕ್ ಡಿ’ಇನ್ವಿಲಿಯರ್ಸ್ ಅನ್ನೋ ಕವಿಯ ಸಾಲು ಹಾಕಿದಾನೆ, ಆ ಕವಿ ಅವನದ್ದೇ ಮೊದಲ ಕಾದಂಬರಿಯ ಒಂದು ಪಾತ್ರ. ಪ್ರೀತಿಸಿದವಳನ್ನ ಮೆಚ್ಚಿಸೋಕೆ ಚಿನ್ನದ ಟೋಪಿ ಹಾಕ್ಕೋ ಅನ್ನೋ ಆ ಸಾಲೂ, ಸಾಲಿನ ಕೆಳಗಿರೋ ಸುಳ್ಳು ಹೆಸರೂ, ವೇಷ ಹಾಕ್ಕೊಂಡು ಬದುಕೋ ಮನುಷ್ಯನ ಕಥೆಗೆ ಎಷ್ಟು ಹೊಂದತ್ತೆ ನೋಡಿ.

ಅರ್ಪಣೆ: ಅಚ್ಚಾಗಿರೋದಷ್ಟನ್ನೇ ನಂಬಿ

1818ರಲ್ಲಿ ಫ್ರಾಂಕನ್‌ಸ್ಟೈನ್ ಬಂದಾಗ ಲೇಖಕಿಯ ಹೆಸರೇ ಇರ್ಲಿಲ್ಲ. ಅರ್ಪಣೆ ಮಾತ್ರ ಇತ್ತು: ‘ಪೊಲಿಟಿಕಲ್ ಜಸ್ಟಿಸ್’, ‘ಕೇಲಬ್ ವಿಲಿಯಮ್ಸ್’ ಇತ್ಯಾದಿ ಕೃತಿಗಳ ಲೇಖಕ ವಿಲಿಯಂ ಗಾಡ್ವಿನ್ ಅವರಿಗೆ ಗೌರವದಿಂದ, ಅಂತ. ಗಾಡ್ವಿನ್ ಮೇರಿಯ ಅಪ್ಪ, ಆದ್ರೆ ಅಪ್ಪ ಅನ್ನೋ ಪದ ಅಲ್ಲಿಲ್ಲ. ಇರೋದು ಪುಸ್ತಕಗಳ ಹೆಸರು, ಹಾಗಾಗಿ ಮೊದಲು ಆ ಪುಸ್ತಕಗಳ ಕಡೆ ನೋಡಿ. ಮೊದಲನೇದರಲ್ಲಿ ಗಾಡ್ವಿನ್ ವಾದ ಮಾಡೋದು ಮನುಷ್ಯ ಹುಟ್ಟಿನಿಂದ ಕೆಟ್ಟವನಲ್ಲ, ಅವನ ಸುತ್ತಲಿನ ಪರಿಸ್ಥಿತಿ ಅವನನ್ನ ಹಾಗೆ ಮಾಡತ್ತೆ ಅಂತ. ಎರಡನೇದು ಒಬ್ಬರ ಗುಟ್ಟು ತಿಳಿದ ಇನ್ನೊಬ್ಬನನ್ನ ಬೆನ್ನಟ್ಟೋ ಕಥೆ. ಈ ಎರಡನ್ನೂ ಮನಸ್ಸಲ್ಲಿಟ್ಕೊಂಡು ಓದಿದ್ರೆ ಮಗಳ ಕಾದಂಬರಿಲಿ ಎರಡರದ್ದೂ ಗುರುತು ಕಾಣತ್ತೆ. ಆಗಿನ ವಿಮರ್ಶಕರಿಗೂ ಈ ಅರ್ಪಣೆ ಕಣ್ಣಿಗೆ ಬಿದ್ದಿತ್ತು. ಅವರಲ್ಲೊಬ್ಬನಾದ ವಾಲ್ಟರ್ ಸ್ಕಾಟ್ ಈ ಕಾದಂಬರಿ ಬರೆದಿರೋದು ಪರ್ಸಿ ಶೆಲ್ಲಿ, ಅಂದ್ರೆ ಮೇರಿಯ ಗಂಡ, ಅಂತಾನೇ ಅಂದ್ಕೊಂಡಿದ್ದ.

ಅರ್ಪಣೆಯಿಂದ ಲೇಖಕರ ಖಾಸಗಿ ಬದುಕನ್ನ ಊಹಿಸೋಕೆ ಹೋದ್ರೆ ಏನಾಗತ್ತೆ ಅನ್ನೋದಕ್ಕೆ ‘ಜೇನ್ ಐರ್’ ಇದೆ. ಶಾರ್ಲೆಟ್ ಬ್ರಾಂಟೆ ಕರರ್ ಬೆಲ್ ಅನ್ನೋ ಹೆಸರಲ್ಲಿ ಬರೆದ ಆ ಕಾದಂಬರಿಯ ಎರಡನೇ ಮುದ್ರಣ 1848ರಲ್ಲಿ ಬಂತು, ಅದನ್ನ ಥ್ಯಾಕರೆಗೆ ಅರ್ಪಿಸಿದ್ಲು. ಅವನ ಬರವಣಿಗೆ ಮೇಲೆ ಅವಳಿಗೆ ಅಷ್ಟು ಗೌರವ ಇತ್ತು, ಆಗಿನ್ನೂ ಅವನನ್ನ ನೋಡಿರ್ಲೇ ಇಲ್ಲ. ಆದ್ರೆ ಥ್ಯಾಕರೆಯ ಹೆಂಡತಿಗೆ ಮಾನಸಿಕ ಕಾಯಿಲೆ ಇದೆ ಅನ್ನೋದು ಅವಳಿಗೆ ಗೊತ್ತಿರ್ಲಿಲ್ಲ. ಕಾದಂಬರೀಲೂ ಮನೆ ಯಜಮಾನನ ಹೆಂಡತಿಗೆ ಹುಚ್ಚು, ಕಥೆ ಹೇಳೋ ಜೇನ್ ಆ ಮನೇಲಿ ಮಗುಗೆ ಪಾಠ ಹೇಳೋ ಗವರ್ನೆಸ್. ಓದಿದ ಜನ ಎರಡನ್ನೂ ಜೋಡಿಸಿ, ಕರರ್ ಬೆಲ್ ಥ್ಯಾಕರೆ ಮನೇಲೇ ಗವರ್ನೆಸ್ ಆಗಿದ್ದವಳು ಅಂತ ಗಾಳಿಸುದ್ದಿ ಹಬ್ಬಿಸಿದ್ರು. ಹಾಗಾಗಿ ಅರ್ಪಣೆಲಿ ಗೊತ್ತಿರೋ ಲೇಖಕರ ಹೆಸರು ಇದ್ರೆ ಅವರ ಕೃತಿಗಳನ್ನ ನೆನಪಿಸ್ಕೊಳ್ಳಿ. ಬರೀ ಒಂದು ಮೊದಲಕ್ಷರವೋ, ಮನೆಯವರ ಹೆಸರೋ ಇದ್ರೆ ಬಿಟ್ಟು ಮುಂದೆ ಹೋಗಿ, ಅದು ನಮಗಾಗಿ ಬರೆದದ್ದಲ್ಲ.

ಕೃತಜ್ಞತೆ: ತುಸು ಓದಿ ಮುಚ್ಚಿಡಿ

ಇದು ಹೆಚ್ಚಾಗಿ ಪುಸ್ತಕದ ಕೊನೇಲಿ ಇರತ್ತೆ, ಇದ್ರಲ್ಲೇ ಕಥೆಯ ಗುಟ್ಟು ಬಯಲಾಗೋ ಅಪಾಯ ಜಾಸ್ತಿ. ಲೇಖಕರು ಕಾದಂಬರಿ ಓದಿ ಮುಗಿಸಿದವರ ಹತ್ರ ಮಾತಾಡೋ ಹಾಗೆ ಬರೆದಿರ್ತಾರಲ್ಲ, ಒಂದು ಕಾಯಿಲೆಯ ಬಗ್ಗೆ ವಿವರ ಕೊಟ್ಟ ಡಾಕ್ಟರಿಗೆ ಥ್ಯಾಂಕ್ಸ್ ಹೇಳಿದ್ರೆ ಸಾಕು, ಯಾವುದೋ ಪಾತ್ರದ ಗತಿ ನಮಗೆ ಗೊತ್ತಾಗ್ಬಿಡತ್ತೆ. ಆದ್ರಿಂದ ಮೊದಲು ಓದೋದಾದ್ರೆ ಎರಡೇ ಸಂಗತಿ ಹುಡುಕಿ: ಕೆಲವು ಅಧ್ಯಾಯ ಮುಂಚೆ ಬೇರೆ ಕಡೆ ಕಥೆಗಳಾಗಿ ಪ್ರಕಟ ಆಗಿತ್ತಾ, ಮತ್ತೆ ನಿಜವಾದ ಇತಿಹಾಸದಲ್ಲಿ ತಾರೀಕನ್ನೋ ಜಾಗವನ್ನೋ ಬದಲಾಯಿಸ್ಕೊಂಡಿದೀನಿ ಅಂತ ಲೇಖಕರು ಹೇಳಿದಾರಾ. ಮೊದಲನೇದು ಇದ್ರೆ ಆ ಅಧ್ಯಾಯಗಳು ತಾವೇ ಬಿಡಿಯಾಗಿ ನಿಲ್ಲೋ ಹಾಗೆ ಇದ್ರೂ ಗಾಬರಿ ಆಗಲ್ಲ, ಎರಡನೇದು ಇದ್ರೆ ಅಲ್ಲಿ ಬರೋ ತಾರೀಕುಗಳನ್ನ ಇತಿಹಾಸ ಅಂತ ತಗೊಳ್ಳಲ್ಲ. ಅನುವಾದ ಆಗಿದ್ರೆ ‘ನಾನು’ ಅಂತಿರೋದು ಲೇಖಕರೋ ಅನುವಾದಕರೋ ಅಂತ ಕೆಳಗಿನ ಸಹಿ ನೋಡ್ಕೊಳ್ಳಿ. ವ್ಯಕ್ತಿಗಳ ಹೆಸರಿನ ಪಟ್ಟಿ ಶುರುವಾದ ಕಡೆ ನಿಲ್ಲಿಸಿ.

ಕೊನೇದಾಗಿ ಪೆನ್ಸಿಲ್ ತಗೊಂಡು ಎಪಿಗ್ರಾಫ್ ಪಕ್ಕ ಒಂದು ಪ್ರಶ್ನೆ ಬರೆದಿಡಿ. ಫ್ರಾಂಕನ್‌ಸ್ಟೈನ್‌ಗೆ ಆದ್ರೆ ‘ಈ ಪ್ರಶ್ನೆಗೆ ವಿಕ್ಟರ್ ಎಲ್ಲಾದ್ರೂ ಉತ್ತರ ಕೊಡ್ತಾನಾ?’ ಅಂತ. ಕಾದಂಬರಿ ಮಧ್ಯಕ್ಕೆ ಬಂದಾಗ ಒಂದ್ಸಲ, ಮುಗಿದ ಮೇಲೆ ಇನ್ನೊಂದ್ಸಲ ಆ ಪುಟಕ್ಕೆ ವಾಪಸ್ ಹೋಗಿ ಉತ್ತರ ಬರೀರಿ, ಆಮೇಲೆ ಕೃತಜ್ಞತೆಯ ಉಳಿದ ಭಾಗ ಓದಿ.