ವೀರಗಲ್ಲು ನೋಡಲು ಬಂದ ಮಕ್ಕಳಿಗೆ ಬಾಗಿಲಲ್ಲೇ ಐದು ನಿಮಿಷ: ಏನು ಹೇಳಬೇಕು, ಹೇಗೆ ಹೇಳಬೇಕು?

ಹೊಸೂರು, ಡೆಂಕಣಿಕೋಟೆ ಕಡೆಯ ಶಾಲೆಯ ಮಕ್ಕಳನ್ನು ಕೃಷ್ಣಗಿರಿಯ ಸರ್ಕಾರಿ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತೀರಿ ಅಂದುಕೊಳ್ಳಿ. ಬಸ್ಸಿಳಿದ ಕೂಡಲೇ ಒಳಗೆ ಬಿಟ್ಟರೆ ಮಕ್ಕಳು ಕಲ್ಲಿನಿಂದ ಕಲ್ಲಿಗೆ ಓಡಿ, ಎರಡು ಫೋಟೋ ತೆಗೆದು, ಹತ್ತು ನಿಮಿಷದಲ್ಲಿ ಹೊರಗೆ ಬಂದು ನೀರಿನ ಬಾಟಲಿ ಹುಡುಕುತ್ತಾರೆ. ಅದು ಅವರ ತಪ್ಪಲ್ಲ. ವೀರಗಲ್ಲನ್ನು ಎಲ್ಲಿಂದ ನೋಡಲು ಶುರು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ಅದನ್ನು ಹೇಳಿಕೊಡುವುದಕ್ಕೇ ಬಾಗಿಲ ಹೊರಗಿನ ಆ ಐದು ನಿಮಿಷ. ರಾಜವಂಶಗಳ ಪಟ್ಟಿ, ಇಸವಿಗಳ ಸಾಲು ಎಲ್ಲ ಆಮೇಲೆ ಇರಲಿ.

ಮೊದಲು ನಿಲ್ಲಿಸುವ ಜಾಗ. ಬಾಗಿಲಿಗೆ ಎದುರಾಗಿ ನಿಲ್ಲಿಸಿದರೆ ಅರ್ಧ ಮಕ್ಕಳು ಒಳಗೆ ಇಣುಕುತ್ತಾ ನಿಲ್ಲುತ್ತಾರೆ, ನಿಮ್ಮ ಮಾತು ಕಿವಿಗೆ ಬೀಳುವುದಿಲ್ಲ. ನೆರಳಿರುವ ಕಡೆ, ಬಾಗಿಲಿಗೆ ಬೆನ್ನು ಹಾಕಿ ಕೂರಿಸಿ. ಬ್ಯಾಗುಗಳನ್ನು ಅಲ್ಲೇ ಇಡಿಸಿ, ಇದು ಮುಖ್ಯ. ಬೆನ್ನಿಗೆ ಬ್ಯಾಗ್ ಹಾಕಿಕೊಂಡ ಹುಡುಗ ಸ್ನೇಹಿತ ಕರೆದ ಅಂತ ಗಕ್ಕನೆ ತಿರುಗಿದರೆ, ಬ್ಯಾಗಿನೊಳಗಿನ ಸ್ಟೀಲ್ ಡಬ್ಬಿ ಹೋಗಿ ಬಡಿಯುವುದು ಪಕ್ಕದ ಕಲ್ಲಿಗೇ.

ಆಮೇಲೆ ಒಂದು ಕಥೆ, ಒಂದೇ ಒಂದು. ನಾನು ಆತಕೂರಿನ ನಾಯಿಯಿಂದ ಶುರು ಮಾಡುತ್ತೇನೆ. "ಮಕ್ಕಳೇ, ನಿಮ್ಮಲ್ಲಿ ಯಾರ ಮನೆಯಲ್ಲಿ ನಾಯಿ ಇದೆ? ಸಾವಿರ ವರ್ಷಕ್ಕೂ ಹಿಂದೆ ಮಣಲೇರ ಅಂತ ಒಬ್ಬ ಯೋಧ ಇದ್ದ. ನಮ್ಮ ತಮಿಳುನಾಡಿನ ತಕ್ಕೋಲದಲ್ಲಿ ದೊಡ್ಡ ಯುದ್ಧ ಆಯಿತು, ಅದರಲ್ಲಿ ಚೆನ್ನಾಗಿ ಹೋರಾಡಿದ. ಏನು ಬೇಕೋ ಕೇಳು ಅಂದರೆ ಅವನು ಚಿನ್ನ ಕೇಳಲಿಲ್ಲ, ಕಾಳಿ ಅನ್ನೋ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಒಂದು ದಿನ ದೊಡ್ಡ ಕಾಡುಹಂದಿಯ ಜೊತೆ ಕಾದಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದಕ್ಕೊಂದು ಕಲ್ಲು ನಿಲ್ಲಿಸಿದರು. ನಾಯಿ, ಹಂದಿ ಹೊಡೆದಾಡುವುದನ್ನು ಆ ಕಲ್ಲಿನಲ್ಲಿ ಕೆತ್ತಿದ್ದಾರೆ." ಆ ಕಲ್ಲು ಸಿಕ್ಕಿದ್ದು ಮಂಡ್ಯ ಜಿಲ್ಲೆಯಲ್ಲಿ, ಈಗ ಇರುವುದು ಬೆಂಗಳೂರಿನ ಮ್ಯೂಸಿಯಂನಲ್ಲಿ, ಕಾಲ 949-950. ಈ ವಿವರ ಯಾರಾದರೂ ಕೇಳಿದರೆ ಮಾತ್ರ ಹೇಳಿ. ಮಕ್ಕಳಿಗೆ ಅಷ್ಟು ಹೊತ್ತಿಗೆ ಒಂದು ವಿಷಯ ಗೊತ್ತಾಗಿರುತ್ತದೆ: ಇವು ದೇವರ ವಿಗ್ರಹಗಳಲ್ಲ, ಯಾರೋ ಸತ್ತರು, ಅವರನ್ನು ನೆನಪಿಟ್ಟುಕೊಳ್ಳಲು ಊರಿನವರು ನಿಲ್ಲಿಸಿದ ಕಲ್ಲುಗಳು.

ಈಗ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಒಂದರ ಮೇಲೊಂದು ಮೂರು ಚೌಕ ಬರೆಯಿರಿ. "ಪುಸ್ತಕ ಮೇಲಿನಿಂದ ಕೆಳಗೆ ಓದುತ್ತೇವೆ, ಅಲ್ವಾ? ಈ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು" ಅನ್ನಿ. ಕೆಳಗಿನ ಚೌಕದಲ್ಲಿ ಜಗಳ. ಬೇರೆಯವರಿಗಿಂತ ದೊಡ್ಡದಾಗಿ ಕೆತ್ತಿರುವವನೇ ಸಾಮಾನ್ಯವಾಗಿ ವೀರ. ಅವನ ಹಿಂದೆಯೋ ಕಾಲ ಹತ್ತಿರವೋ ಸಣ್ಣ ಸಣ್ಣ ದನಗಳಿದ್ದರೆ, ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ಊರ ದನ ಬಿಡಿಸಲು ಹೋಗಿ ಸತ್ತವನು. ಎದುರಿಗೆ ಹುಲಿ ಇದ್ದರೆ ಕಥೆ ಬೇರೆ. ನಡುವಿನ ಚೌಕದಲ್ಲಿ ಜಗಳ ಮುಗಿದಿದೆ, ಅಪ್ಸರೆಯರು ಎರಡೂ ಕಡೆ ನಿಂತು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ಮೇಲಿನದರಲ್ಲಿ ಅವನು ಲಿಂಗದ ಎದುರು ಕೂತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವೆರಡೂ ಇರುವವರೆಗೂ ಇವನ ಹೆಸರಿರಲಿ ಅಂತ.

ಇಲ್ಲಿಗೇ ನಿಲ್ಲಿಸಿದರೆ ಒಳಗೆ ಹೋದಾಗ ತೊಂದರೆ. ನಮ್ಮ ಈ ಕಡೆ ಮೂರು ಹಂತ ಇಲ್ಲದ ಕಲ್ಲುಗಳೂ ಬೇಕಾದಷ್ಟಿವೆ. ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಕತ್ತಿ, ಮೈಗೆ ನಾಟಿದ ಬಾಣ, ಅಷ್ಟೇ. ಮುಂಚೆ ಹೇಳದಿದ್ದರೆ ಮಕ್ಕಳು "ಸಾರ್, ಮೇಲಿಂದು ಮುರಿದು ಹೋಗಿದೆ" ಅನ್ನುತ್ತಾರೆ. ಹಾಗೆಯೇ ಮೊಣಕೈ ಮಡಚಿ ಮೇಲೆತ್ತಿದ, ಬಳೆ ತೊಟ್ಟ ಒಂದು ಕೈ ಇರುವ ಮಾಸ್ತಿಕಲ್ಲು ಎದುರಾಗಬಹುದು. ಏನಿದು ಅಂತ ಕೇಳಿದರೆ ಮಾತು ತಪ್ಪಿಸಬೇಡಿ, ವೈಭವ ಮಾಡಿ ಹೇಳಲೂ ಬೇಡಿ. "ಗಂಡ ಸತ್ತಾಗ ಅವನ ಜೊತೆ ಸಾಯಬೇಕಾಗಿ ಬಂದ ಹೆಂಗಸಿನ ಕಲ್ಲು. ಬಳೆ ಒಡೆದಿಲ್ಲ ನೋಡಿ, ಅವಳು ವಿಧವೆ ಆಗಲಿಲ್ಲ ಅಂತ ತೋರಿಸುವುದಕ್ಕೆ ಹಾಗೆ ಕೆತ್ತಿದರು. ಆ ಪದ್ಧತಿ ಕ್ರೂರ, ಅದನ್ನು ಕಾನೂನು ಮಾಡಿ ನಿಲ್ಲಿಸಿದ್ದಾರೆ." ಆರನೇ ಕ್ಲಾಸಿನ ಮಕ್ಕಳಿಗೆ ಇಷ್ಟು ಸಾಕು, ಇದು ಅವರಿಗೆ ಅರ್ಥವೂ ಆಗುತ್ತದೆ.

ಮುಟ್ಟಬೇಡಿ ಅಂತ ಸುಮ್ನೆ ಹೇಳಿದರೆ ಯಾರೂ ಕೇಳುವುದಿಲ್ಲ. ಕಾರಣ ಹೇಳಿ. ಒಂದು ಕೈ ಮುಟ್ಟಿದರೆ ಗ್ರಾನೈಟಿಗೆ ಏನೂ ಆಗುವುದಿಲ್ಲ, ನಿಜ. ಆದರೆ ಬರುವ ಎಲ್ಲರೂ ಕೈಗೆಟುಕುವ ಅದೇ ಜಾಗವನ್ನು ಸವರಿದರೆ ಬೆವರು, ಎಣ್ಣೆ ಹಿಡಿದು ಅಲ್ಲಿ ಕಪ್ಪಗೆ ಮಿರುಗಲು ಶುರುವಾಗುತ್ತದೆ. ಅಕ್ಷರಗಳಂತೂ ಬಹಳ ತೆಳುವಾಗಿ ಕೊರೆದಿರುತ್ತವೆ. ಒಂದು ಒರಟು ಗ್ರಾನೈಟ್ ತುಂಡನ್ನು ಹೊರಗೇ ಇಟ್ಟುಕೊಂಡು ಎಲ್ಲರ ಕೈಗೂ ಕೊಡಿ. ಇದರಲ್ಲಿ ಉಳಿ ಹಿಡಿದು ಮೂಗು ಕೆತ್ತುವುದು ಎಷ್ಟು ಕಷ್ಟ ಅಂತ ಕೈಗೇ ಗೊತ್ತಾಗುತ್ತದೆ, ಮುಟ್ಟುವ ಆಸೆಯೂ ಸ್ವಲ್ಪ ತೀರುತ್ತದೆ. ಯಾವುದಾದರೂ ಮಗು ಕಲ್ಲಿಗೆ ಕೈ ಮುಗಿದರೆ ಮಾತ್ರ ತಡೆಯಬೇಡಿ. ಅವರ ಊರಿನಲ್ಲಿ ಇಂಥದೇ ಕಲ್ಲಿಗೆ ಪೂಜೆ ನಡೆಯುತ್ತಿರಬಹುದು.

ಸೀಮೆಸುಣ್ಣ ಹೊರಗೇ ಉಳಿಯಲಿ. ಅಕ್ಷರ ಕಾಣಲಿ ಅಂತ ಕಲ್ಲಿಗೆ ಸುಣ್ಣ ಬಳಿಯುವ ಅಭ್ಯಾಸ ಕೆಲವು ಟೀಚರ್‌ಗಳಿಗೆ ಈಗಲೂ ಇದೆ. ಪುಡಿ ಗೀರಿನೊಳಗೆ ಸೇರುತ್ತದೆ, ತೆಗೆಯಲು ಉಜ್ಜಬೇಕಾಗುತ್ತದೆ, ಉಜ್ಜಿದರೆ ಕಲ್ಲು ಸವೆಯುತ್ತದೆ. ಇನ್ನೂ ಕೆಟ್ಟದ್ದೆಂದರೆ, ಬಳಿಯುವವರು ತಮಗೆ ಕಂಡ ಹಾಗೆ ಗೆರೆ ಎಳೆದಿರುತ್ತಾರೆ, ನೋಡುವವರು ಅದನ್ನೇ ಅಕ್ಷರ ಅಂದುಕೊಳ್ಳುತ್ತಾರೆ. ಅದರ ಬದಲು ಒಂದು ಟಾರ್ಚ್ ಸಾಕು. ಎದುರಿನಿಂದ ಬೆಳಕು ಬಿಟ್ಟರೆ ಕಲ್ಲು ಚಪ್ಪಟೆಯಾಗಿ ಕಾಣುತ್ತದೆ. ಫ್ಲ್ಯಾಶ್ ಹಾಕಿದ ಫೋಟೋ ಚೆನ್ನಾಗಿ ಬಾರದಿರುವುದೂ ಇದಕ್ಕೇ. ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ತಂದು, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ಗೀರುಗಳಲ್ಲಿ ನೆರಳು ತುಂಬಿ, ಒಂದು ಕ್ಷಣದ ಹಿಂದೆ ಏನೂ ಇಲ್ಲದ ಕಡೆ ಸಾಲು ಸಾಲು ಅಕ್ಷರ ಏಳುತ್ತವೆ. ಮಕ್ಕಳು "ಅಯ್ಯೋ!" ಅನ್ನುವುದು ಇಲ್ಲೇ.

ಕೊನೆಗೆ ಒಂದು ಕೆಲಸ ಕೊಟ್ಟು ಒಳಗೆ ಬಿಡಿ. ಐದೈದು ಮಕ್ಕಳ ಗುಂಪು, ಗುಂಪಿಗೆ ಒಂದೇ ಕಲ್ಲು, ಒಂದೇ ಪ್ರಶ್ನೆ: "ಇವನು ಹೇಗೆ ಸತ್ತ? ಕಲ್ಲಿನಲ್ಲೇ ತೋರಿಸಿ, ಆದರೆ ಬೆರಳು ಒಂದು ಗೇಣು ದೂರ ಇರಲಿ." ಪ್ರಶ್ನೆಪತ್ರಿಕೆ ಕೊಡಬೇಡಿ, ಕೊಟ್ಟರೆ ಕಣ್ಣು ಕಾಗದದ ಮೇಲೇ ಇರುತ್ತದೆ. ಒಳಗೆ ಗಲಾಟೆ ಜಾಸ್ತಿ ಆಯಿತು ಅಂತ ಗಾಬರಿ ಬೇಡ, ಯಾವ ಗಲಾಟೆ ಅಂತ ಕಿವಿಗೊಡಿ. "ಇದು ಕತ್ತಿ ಅಲ್ಲ ಕಣೋ, ಬಾಣ" ಅಂತ ಜಗಳ ನಡೆಯುತ್ತಿದ್ದರೆ ನಿಮ್ಮ ಮಾತು ಕೆಲಸ ಮಾಡಿದೆ. ಹೋದ ಕೂಡಲೇ ಪಕ್ಕದ ಬೋರ್ಡ್ ಓದಲು ನಿಂತರೆ ಕೆಳಗಿನಿಂದ ಮೇಲಕ್ಕೆ ಅನ್ನುವುದು ಅವರಿಗೆ ಹತ್ತಿಲ್ಲ. ಆಗ ಹತ್ತಿರ ಹೋಗಿ ಕೆಳಗಿನ ಚೌಕದ ಎದುರು ಕುಕ್ಕರಗಾಲಲ್ಲಿ ಕೂತುಬಿಡಿ, ಅವರೂ ಬಂದು ಪಕ್ಕದಲ್ಲಿ ಕೂರುತ್ತಾರೆ.