ಕೃತಜ್ಞಳೋ, ಕೃತಘ್ನಳೋ? ಅಕ್ಕನ ಮಗಳ ಪತ್ರಕ್ಕೆ ಪ್ರೂಫ್ ನೋಡಿದ್ದು

ಪ್ರೂಫ್ ನೋಡುವುದು ನನ್ನ ಕಸುಬು. ಶಿವಮೊಗ್ಗದ ಒಂದು ಪ್ರೆಸ್ಸಿನಲ್ಲಿ 22 ವರ್ಷದಿಂದ ಲಗ್ನಪತ್ರಿಕೆ, ಸೊಸೈಟಿಯ ವಾರ್ಷಿಕ ವರದಿ, ಕವನ ಸಂಕಲನ, ಹೀಗೆ ಕೈಗೆ ಬಂದದ್ದಕ್ಕೆಲ್ಲ ಕೆಂಪು ಪೆನ್ನು ಆಡಿಸಿದ್ದೇನೆ. 2024ರ ಅಕ್ಟೋಬರ್ ಕೊನೆಯಲ್ಲಿ ಅಕ್ಕನ ಮಗಳು ಮನೆಗೆ ಬಂದು ಫೋನ್ ಮುಂದೆ ಹಿಡಿದಳು. "ಮಾಮ, ನಮ್ಮ ಸರ್‌ಗೆ ಒಂದು ಮೇಲ್ ಹಾಕಬೇಕು. ಸುಮ್ನೆ ಸ್ಪೆಲ್ಲಿಂಗ್ ನೋಡಿ ಕೊಡು, ಸಾಕು."

ಅವಳು ಕನ್ನಡ ಎಂಎ ಮುಗಿಸಿದ್ದು 2019ರಲ್ಲಿ. ಆಮೇಲೆ ಐದು ವರ್ಷ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡಿದಳು. ಆಗ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಅರ್ಜಿ ಹಾಕುತ್ತಿದ್ದಳು. ಅಲ್ಲಿ ಮೂರು ಶಿಫಾರಸು ಪತ್ರ ಬೇಕು. ಹಳಗನ್ನಡ ಮತ್ತು ಶಾಸನ ಕಲಿಸಿದ ಮೇಷ್ಟ್ರಿಂದ ಒಂದು ಬೇಕೇ ಬೇಕು ಅನ್ನುವುದು ಅವಳ ಆಸೆ. ಅವರು ನಿವೃತ್ತರಾಗಿ ಎರಡು ವರ್ಷ ಆಗಿತ್ತು. ಅವರ ಜೊತೆ ಇವಳು ಯಾವತ್ತೂ ಕನ್ನಡದಲ್ಲೇ ಮಾತಾಡಿದ್ದು, ಹಾಗಾಗಿ ಪತ್ರವೂ ಕನ್ನಡದಲ್ಲೇ.

ನನ್ನದೊಂದು ಅಭ್ಯಾಸ ಇದೆ. ಮೊದಲನೇ ಸಲ ಓದುವಾಗ ಪೆನ್ನು ಮುಟ್ಟುವುದಿಲ್ಲ. ಪೆನ್ನು ಕೈಯಲ್ಲಿದ್ದರೆ ಕಣ್ಣು ಅಕ್ಷರದ ಮೇಲೇ ನಿಲ್ಲುತ್ತದೆ, ವಿಷಯ ತಲೆಗೆ ಹೋಗುವುದಿಲ್ಲ. ಪತ್ರವನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ, ಆ ಮೇಷ್ಟ್ರೇ ನಾನು ಅಂದುಕೊಂಡು ಓದಿದೆ. ಬೆಳಗ್ಗೆ ಕಾಫಿ ಕುಡಿಯುತ್ತಾ ಮೇಲ್ ತೆರೆದಿದ್ದೇನೆ. ಐದು ವರ್ಷದಿಂದ ಸುದ್ದಿ ಇಲ್ಲದ ಶಿಷ್ಯೆ ಬರೆದಿದ್ದಾಳೆ. ಯಾರಿವಳು? ಏನು ಬೇಕು? ಯಾವಾಗ ಬೇಕು? ಕೊಡುವುದಕ್ಕೆ ನಾನು ಏನು ಮಾಡಬೇಕು?

ಪತ್ರದ ಮೊದಲ ಹತ್ತು ಸಾಲು ಬರೀ ಹೊಗಳಿಕೆ. ಜ್ಞಾನದ ಸಾಗರ, ದಾರಿದೀಪ, ಎಲ್ಲ ಇತ್ತು. ಅವಳ ಹೆಸರು ಇದ್ದದ್ದು ಕಟ್ಟಕಡೆಯಲ್ಲಿ. ಯಾವ ಬ್ಯಾಚು ಅಂತ ಇರಲಿಲ್ಲ. ಶಿಫಾರಸು ಪತ್ರ ಯಾವ ಭಾಷೆಯಲ್ಲಿ ಬೇಕು ಅಂತಲೂ ಇರಲಿಲ್ಲ. ಪತ್ರ ಕನ್ನಡದಲ್ಲಿ ಬಂದಿದೆ, ಸರಿ, ಕನ್ನಡದಲ್ಲೇ ಬರೆದುಕೊಟ್ಟರಾಯಿತು ಅಂತ ಆ ಹಿರಿಯರು ಅಂದುಕೊಂಡರೆ ತಪ್ಪು ಯಾರದ್ದು? ಅದು ಇಂಗ್ಲಿಷಿನಲ್ಲೇ ಬೇಕು ಅನ್ನುವುದು ಇವಳಿಗೆ ಎಷ್ಟು ಗೊತ್ತಿತ್ತೆಂದರೆ ಬರೆಯುವುದೇ ಮರೆತುಹೋಗಿತ್ತು.

ಎರಡನೇ ಓದಿಗೆ ಪೆನ್ನು ತೆಗೆದುಕೊಂಡೆ. "ವಿಧ್ಯಾರ್ಥಿನಿ", "ಅದ್ಯಯನ", "ಶಿಫಾರಸ್ಸು", ಇವೆಲ್ಲ ನಾನು ದಿನಾ ನೋಡುವ ಗಿರಾಕಿಗಳು. ತಿದ್ದಿ ಮುಂದೆ ಹೋದೆ. ಎದೆ ಝಲ್ ಅಂದದ್ದು ಕೊನೆಯ ಸಾಲಿನಲ್ಲಿ. "ನಾನು ತಮಗೆ ಎಂದೆಂದಿಗೂ ಕೃತಘ್ನಳಾಗಿರುತ್ತೇನೆ."

"ಇದರ ಅರ್ಥ ಗೊತ್ತಾ ನಿನಗೆ?" ಅಂದೆ.

"ಥ್ಯಾಂಕ್‌ಫುಲ್ ಅಂತ ಅಲ್ವಾ?"

"ಅದು ಕೃತಜ್ಞ. ಕೃತಘ್ನ ಅಂದರೆ ಮಾಡಿದ ಉಪಕಾರ ಮರೆಯುವವಳು. ಹಳಗನ್ನಡದ ಮೇಷ್ಟ್ರಿಗೆ ಇದನ್ನು ಬರೆಯುತ್ತೀಯಲ್ಲೇ!"

ಅವಳಿಗೆ ಅರ್ಥ ಗೊತ್ತಿಲ್ಲದೆ ಅಲ್ಲ, ಎಂಎ ಮಾಡಿದವಳು. ಫೋನಿನ ಕೀಬೋರ್ಡ್ ಪದ ಮುಂದಿಟ್ಟಿದೆ, ಬೆರಳು ಒತ್ತಿದೆ, ಕಣ್ಣು ಜಾರಿದೆ. ಈ ಜಾತಿಯ ತಪ್ಪು ಬಲು ಅಪಾಯ. "ಅದ್ಯಯನ" ಅನ್ನುವ ಪದವೇ ಇಲ್ಲ, ಹಾಗಾಗಿ ಅದು ಕಣ್ಣಿಗೆ ಚುಚ್ಚುತ್ತದೆ. ಕೃತಘ್ನ ಸರಿಯಾದ ಪದ, ಬಂದು ಕೂತ ಜಾಗ ಮಾತ್ರ ತಪ್ಪು. ಸ್ಪೆಲ್ ಚೆಕ್ ಅದನ್ನು ಹಿಡಿಯುವುದಿಲ್ಲ. ಗಟ್ಟಿಯಾಗಿ, ಒಂದೊಂದೇ ಪದ ಬಾಯಲ್ಲಿ ಹೇಳಿ ಓದಿದರೆ ಮಾತ್ರ ಸಿಕ್ಕಿಬೀಳುತ್ತದೆ.

ಗಟ್ಟಿಯಾಗಿ ಓದಿದಾಗಲೇ ಸಿಕ್ಕ ಇನ್ನೊಂದು ವಿಷಯ ತಾವು, ನೀವು. ಶುರುವಿನಲ್ಲಿ "ತಾವು ಕಲಿಸಿದ ಪಾಠ", ಮಧ್ಯದಲ್ಲಿ "ನಿಮ್ಮ ಕ್ಲಾಸಿನಲ್ಲಿ", ಕೊನೆಗೆ ಮತ್ತೆ "ತಮ್ಮ ಆಶೀರ್ವಾದ". ಎರಡೂ ಮರ್ಯಾದೆಯ ಮಾತೇ. ಆದರೆ ಒಂದೇ ಪತ್ರದಲ್ಲಿ ಅದಲುಬದಲಾದರೆ ಎರಡು ಕಡೆಯಿಂದ ಕಾಪಿ ಹೊಡೆದ ಹಾಗೆ ಕಾಣುತ್ತದೆ. ಎದುರಿಗೆ ಸಿಕ್ಕಾಗ ಏನಂತ ಮಾತಾಡಿಸುತ್ತೀ ಅಂತ ಕೇಳಿದೆ. "ನೀವು ಅಂತಲೇ" ಅಂದಳು. ಹಾಗಾದರೆ ನೀವು ಇರಲಿ ಅಂತ ಎಲ್ಲ ಕಡೆ ಒಂದೇ ಮಾಡಿದೆ.

ಮೂರನೇ ಓದು ಬರೀ ಹೆಸರು, ಅಂಕಿ, ತಾರೀಖಿಗೆ. ವಾಕ್ಯ ಓದುವುದಿಲ್ಲ, ಅಂಕಿಯ ಮೇಲೆ ಬೆರಳಿಟ್ಟುಕೊಂಡು ಹೋಗುತ್ತೇನೆ. ಲಗ್ನಪತ್ರಿಕೆಯಿಂದ ಕಲಿತ ಪಾಠ ಇದು. ಪ್ರತಿ ತಾರೀಖಿಗೂ ವಾರ ಯಾವುದು ಅಂತ ಕ್ಯಾಲೆಂಡರ್ ನೋಡುತ್ತೇನೆ. ಪತ್ರದಲ್ಲಿ "ಕೊನೆಯ ದಿನಾಂಕ 12/01" ಅಂತಿತ್ತು. ಜನವರಿ 12 ಭಾನುವಾರ ಬರುತ್ತದೆ, ಭಾನುವಾರವೂ ತೆಗೆದುಕೊಳ್ಳುತ್ತಾರಾ ಅಂತ ಕೇಳಿದೆ.

"ಜನವರಿ ಅಲ್ಲ ಮಾಮ. ಡಿಸೆಂಬರ್ ಒಂದು."

ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ವಿಶ್ವವಿದ್ಯಾಲಯದ ಪುಟದಿಂದ ಇದ್ದ ಹಾಗೇ ಇಳಿಸಿಕೊಂಡಿದ್ದಾಳೆ. ನಮ್ಮ ಕಡೆಯ ಯಾರೇ ಓದಿದರೂ ಅದು ಜನವರಿ 12. ಮೇಷ್ಟ್ರು "ಸಂಕ್ರಾಂತಿ ಹೊತ್ತಿಗೆ ಬರೆದರಾಯಿತು" ಅಂತ ಪಕ್ಕಕ್ಕಿಟ್ಟಿದ್ದರೆ ಅರ್ಜಿಯ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನನಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ, ವಾರ ನೋಡುವ ಚಾಳಿಯಿಂದ ಬಚಾವಾದೆವು. "2024ರ ಡಿಸೆಂಬರ್ 1, ಭಾನುವಾರ" ಅಂತ ಬಿಡಿಸಿ ಬರೆಸಿದೆ. ಜೊತೆಗೆ "ನವೆಂಬರ್ 25ರ ಒಳಗೆ ಆದರೆ ನನಗೆ ನಿಶ್ಚಿಂತೆ" ಅಂತ ಸೇರಿಸಿದೆವು. ಅವಳು ಮೊದಲು ಬರೆದಿದ್ದು "ಆದಷ್ಟು ಬೇಗ" ಅಂತ. ಆ ಮಾತಿಗೆ ತಾರೀಖೇ ಇಲ್ಲ.

ಇಷ್ಟಾದ ಮೇಲೆ ಅವಳಿಗೂ ನನಗೂ ಸ್ವಲ್ಪ ಜಟಾಪಟಿ ಆಯಿತು. "ನಾನೇ ಡ್ರಾಫ್ಟ್ ಬರೆದು ಕಳಿಸುತ್ತೇನೆ ಸರ್, ನೀವು ಸಹಿ ಮಾಡಿದರೆ ಸಾಕು" ಅಂತ ಒಂದು ಸಾಲು ಇತ್ತು. ನಾನು ಹೊಡೆದು ಹಾಕಿದೆ.

"ಎಲ್ಲರೂ ಹಾಗೇ ಮಾಡೋದು ಮಾಮ. ಅವರಿಗೂ ಕಷ್ಟ ತಪ್ಪುತ್ತೆ."

ಮಾಡುತ್ತಾರೆ, ನನಗೂ ಗೊತ್ತು. ಆದರೆ ಆ ಪತ್ರ ಮೇಷ್ಟ್ರ ಮಾತು ಅಂತ ನಂಬಿ ಓದುವವರು ಅಲ್ಲಿ ಕೂತಿದ್ದಾರೆ. ಇನ್ನೊಂದು ಕಷ್ಟವೂ ಇದೆ. ತನ್ನ ಬಗ್ಗೆ ತಾನೇ ಬರೆದುಕೊಳ್ಳುವ ಹುಡುಗಿ "ಶ್ರದ್ಧಾವಂತೆ, ಶ್ರಮಜೀವಿ" ಅಂತ ಬರೆಯುತ್ತಾಳೆಯೇ ಹೊರತು, ಮೇಷ್ಟ್ರ ಕಣ್ಣಿಗೆ ಬಿದ್ದದ್ದನ್ನು ಬರೆಯಲಾರಳು. ಡ್ರಾಫ್ಟ್ ಬದಲು ಒಂದು ಪುಟದ ಟಿಪ್ಪಣಿ ಜೋಡಿಸು ಅಂದೆ. ಓದಿದ ವರ್ಷ, ತೆಗೆದುಕೊಂಡ ಪೇಪರುಗಳು, ಬಂದ ಅಂಕ, ಪ್ರಬಂಧದ ವಿಷಯ, ಆಮೇಲೆ ಮಾಡಿದ ಕೆಲಸ, ಈಗ ಏನು ಓದಬೇಕು ಅಂತಿದ್ದಾಳೆ, ಇಷ್ಟು. ಇಂಗ್ಲಿಷಿನಲ್ಲೇ ಕೊಟ್ಟರೆ ಪೇಪರಿನ ಹೆಸರುಗಳನ್ನು ಅವರು ತರ್ಜುಮೆ ಮಾಡುತ್ತಾ ಕೂರಬೇಕಿಲ್ಲ.

"ಬರೆದ ಮೇಲೆ ನನಗೂ ಒಂದು ಕಾಪಿ ಕಳಿಸಿ" ಅನ್ನುವ ಸಾಲನ್ನೂ ತೆಗೆಸಿದೆ. 1974ರ ಒಂದು ಕಾಯ್ದೆ ಪ್ರಕಾರ ಅಲ್ಲಿ ಸೇರಿದ ವಿದ್ಯಾರ್ಥಿಗೆ ಇಂಥ ಪತ್ರ ನೋಡುವ ಹಕ್ಕಿದೆ. ಆದರೆ ಅರ್ಜಿಯಲ್ಲಿ "ಆ ಹಕ್ಕು ಬಿಟ್ಟುಕೊಡುತ್ತೇನೆ" ಅಂತ ಇವಳು ಆಗಲೇ ಟಿಕ್ ಮಾಡಿದ್ದಳು. ಅಲ್ಲಿ ಬೇಡ ಅಂದು ಇಲ್ಲಿ ಕೇಳುವುದು ಸರಿಯಾ?

ಸೇರಿಸಿದ ಸಾಲುಗಳು ಎರಡು. ಒಂದು ಇಮೇಲ್ ವಿಳಾಸದ್ದು. ಅರ್ಜಿಯಲ್ಲಿ ಮೇಷ್ಟ್ರ ವಿಳಾಸ ತುಂಬಿದರೆ ವಿಶ್ವವಿದ್ಯಾಲಯದಿಂದಲೇ ಅವರಿಗೆ ಲಿಂಕ್ ಹೋಗುತ್ತದೆ, ಅವರು ಅದರಲ್ಲೇ ಪತ್ರ ಹಾಕಬೇಕು. ನಿವೃತ್ತರಾದವರ ಕಾಲೇಜಿನ ವಿಳಾಸ ಈಗಲೂ ನಡೆಯುತ್ತದೋ ಇಲ್ಲವೋ. ಹಾಗಾಗಿ "ಲಿಂಕ್ ಯಾವ ವಿಳಾಸಕ್ಕೆ ಬರಲಿ ಸರ್? ಕೆಲವು ಸಲ ಸ್ಪ್ಯಾಮ್‌ಗೆ ಹೋಗಿರುತ್ತದೆ, ಬಂದಿಲ್ಲ ಅನ್ನಿಸಿದರೆ ಅಲ್ಲೂ ನೋಡಿ" ಅಂತ ಬರೆದೆವು. ಇನ್ನೊಂದು, ಇಲ್ಲ ಅನ್ನುವುದಕ್ಕೆ ಬಾಗಿಲು ತೆರೆದಿಡುವ ಸಾಲು. "ನಿಮಗೆ ಈಗ ಬಿಡುವಿಲ್ಲದಿದ್ದರೆ, ಅಥವಾ ನನ್ನ ಬಗ್ಗೆ ಬರೆಯುವಷ್ಟು ನೆನಪಿಲ್ಲದಿದ್ದರೆ, ದಯವಿಟ್ಟು ಸಂಕೋಚವಿಲ್ಲದೆ ಹೇಳಿ." ಇದಕ್ಕೆ ಅವಳು ಹೆದರಿದಳು, ಎಲ್ಲಿ ಇಲ್ಲ ಅಂದುಬಿಡುತ್ತಾರೋ ಅಂತ. ಮನಸ್ಸಿಲ್ಲದೆ ಬರೆದ ನಾಲ್ಕು ಸಾಲಿಗಿಂತ ಈಗಲೇ ಇಲ್ಲ ಅನ್ನುವುದು ವಾಸಿ, ಬೇರೆಯವರನ್ನು ಕೇಳಲು ಐದು ವಾರ ಇರುತ್ತದಲ್ಲ.

ನಾನು ಸೋತ ಜಾಗವೂ ಒಂದಿದೆ. ಎಂಎ ಓದುವಾಗ ಮೇಷ್ಟ್ರು ಇವರನ್ನೆಲ್ಲ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಕರೆದುಕೊಂಡು ಹೋಗಿ ಶಾಸನದ ಅಚ್ಚು ತೆಗೆಸಿದ್ದರಂತೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಯೊಳಗೆ ಕೂರಿಸಿ, ಮೇಲೆ ಮಸಿ ಹಚ್ಚುವುದು. ಕಪ್ಪಿನ ಮೇಲೆ ಬಿಳಿ ಅಕ್ಷರ ಎದ್ದು ಬರುತ್ತದೆ. "ನನ್ನ ಕೈಯ ಮಸಿ ಎರಡು ದಿನವಾದರೂ ಹೋಗಿರಲಿಲ್ಲ, ನೀವು ನೋಡಿ ನಕ್ಕಿದ್ದಿರಿ" ಅಂತ ಬರೆದಿದ್ದಳು. ಇಂಥ ಪತ್ರದಲ್ಲಿ ಇದ್ಯಾಕೆ ಅಂತ ನಾನು ಗೀಟು ಹಾಕಿದೆ. ಅವಳು ಪೆನ್ನು ಕಿತ್ತುಕೊಂಡಳು. "ಅವರಿಗೆ ನಾನು ನೆನಪಾಗೋದೇ ಇದರಿಂದ ಮಾಮ. ಸಾಗರ, ದಾರಿದೀಪ ಬೇಕಾದ್ರೆ ತೆಗಿ." ಸರಿಯಾಗೇ ಹೇಳಿದಳು. ಹೊಗಳಿಕೆಯ ಹತ್ತು ಸಾಲು ಹೋಯಿತು, ಮಸಿ ಉಳಿಯಿತು. ಹೆಸರು, ಬ್ಯಾಚು, ಬಳ್ಳಿಗಾವಿ ಮೂರೂ ಮೊದಲ ಪ್ಯಾರಾಕ್ಕೆ ಬಂದವು.

ತಿದ್ದಿದ ಪ್ರತಿಯನ್ನು ನಾನೇ ಪ್ರೆಸ್ಸಿನಲ್ಲಿ ಟೈಪ್ ಮಾಡಿ ಕಳಿಸಿದೆ. ಅರ್ಧ ಗಂಟೆಗೆ ಫೋನ್. "ಮಾಮ, ಮೇಲ್‌ಗೆ ಪೇಸ್ಟ್ ಮಾಡಿದ್ರೆ ಏನೇನೋ ಬರ್ತಿದೆ." ನೋಡಿದರೆ "ಕನ್ನಡ" ಇದ್ದ ಕಡೆಯೆಲ್ಲ `PÀ£ÀßqÀ`. ನಮ್ಮಲ್ಲಿ ಪುಟ ಕಟ್ಟುವುದು ಹಳೇ ನುಡಿ ಫಾಂಟಿನಲ್ಲಿ, ಯೂನಿಕೋಡ್ ಅಲ್ಲ. ಅದು ನನ್ನ ತಪ್ಪು. ಪರಿವರ್ತಿಸಿ ಕಳಿಸಿ, ಅರ್ಕಾವತ್ತು, ಒತ್ತಕ್ಷರ ಎಲ್ಲ ಸರಿಯಾಗಿ ಬಂದಿದೆಯಾ ಅಂತ ಮತ್ತೊಂದು ಸಲ ನೋಡಿದೆ. ಮೊದಲು ನನ್ನ ಫೋನಿಗೆ ಒಂದು ಮೇಲ್ ಹಾಕಿಸಿ, ತೆರೆದು ಓದಿ, ಆಮೇಲೆ ಮೇಷ್ಟ್ರಿಗೆ ಕಳಿಸಿದ್ದು.

ಎರಡೇ ದಿನಕ್ಕೆ ಉತ್ತರ ಬಂತು. ಖಂಡಿತ ಬರೆಯುತ್ತೇನೆ, ಜಿಮೇಲ್‌ಗೇ ಲಿಂಕ್ ಬರಲಿ ಅಂತ. ಕೆಳಗೆ ಇನ್ನೊಂದು ಸಾಲು ಇತ್ತು. "ಬಳ್ಳಿಗಾವಿಗೆ ಹೋದದ್ದು ಮೂರನೇ ಸೆಮಿಸ್ಟರ್‌ನಲ್ಲಿ, 2019ರ ಫೆಬ್ರವರಿಯಲ್ಲಿ ಅಂತ ಬರೆದಿದ್ದೀಯಮ್ಮ. ಫೆಬ್ರವರಿ ಅಂದರೆ ನೀವು ಆಗಲೇ ನಾಲ್ಕನೇ ಸೆಮಿಸ್ಟರ್‌ನಲ್ಲಿದ್ದಿರಿ, ಅಲ್ವೇ?"

ತಿಂಗಳೂ ಇತ್ತು, ವರ್ಷವೂ ಇತ್ತು. ಎರಡರ ಮೇಲೂ ಬೆರಳಿಟ್ಟುಕೊಂಡೇ ನಾನು ಮುಂದೆ ಹೋಗಿದ್ದೆ.